ಅಂದಕ್ಕೋ, ಅಂಗಕ್ಕೋ?

ಸುಟ್ಟ ಗಾಯ ಮಾಗಿದ ಮೇಲೂ ಚರ್ಮ ಬಿಗಿದು ಕುಗ್ಗುವುದುಂಟು. ಕುದಿಯುವ ಎಣ್ಣೆ ಚೆಲ್ಲಿ ಕತ್ತು ಸುಟ್ಟ ಗೃಹಿಣಿಯೊಬ್ಬರ ಗದ್ದ ಹೀಗೆ ಎದೆಯತ್ತ ಜಗ್ಗಿ, ತಲೆ ಎತ್ತಲಾಗದಂತಾಯಿತೆಂದು ಭಾವಿಸೋಣ. ಶಸ್ತ್ರವೈದ್ಯರು ಬಿಗಿದ ಕಲೆಯನ್ನು ಬಿಡಿಸಿ, ಅಲ್ಲಿಗೆ ತೊಡೆಯ ಚರ್ಮವನ್ನು ಕಸಿ ಮಾಡುತ್ತಾರೆ.

ಭಾರತದ ಆರೋಗ್ಯ ವಿಮಾ ಪತ್ರಗಳಲ್ಲಿ Excl08 ಎಂಬ ಸಂಕೇತದ ಷರತ್ತು ರೂಪ ಬದಲಿಸುವ ಚಿಕಿತ್ಸೆಗೆ ಹಣ ನಿರಾಕರಿಸುತ್ತದೆ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ಗಳ ನಂತರದ ಪುನಾರಚನೆಗೆ ಅದೇ ಷರತ್ತು ವಿನಾಯಿತಿ ಕೊಡುತ್ತದೆ. ನಿರ್ಣಾಯಕವಾದುದು ಶಸ್ತ್ರಕ್ರಿಯೆಯ ಹೆಸರಲ್ಲ, ಅದರ ಕಾರಣ.

‘ಪ್ಲಾಸ್ಟಿಕ್ ಸರ್ಜರಿ’ ಎಂದಷ್ಟೇ ಬರೆದ ಕಾಗದ ತಿರಸ್ಕೃತವಾಗಬಹುದು. ಸುಟ್ಟ ದಿನ, ಕತ್ತು ಎಷ್ಟು ಆಡುತ್ತದೆಂಬ ಅಳತೆ, ಚಿಕಿತ್ಸೆಯ ಅಗತ್ಯ ಇವು ವೈದ್ಯರ ಪ್ರಮಾಣಪತ್ರದಲ್ಲಿರಬೇಕು. ಕತ್ತು ಸರಾಗವಾದ ಮೇಲೆ ಕಲೆಯ ಬಣ್ಣವನ್ನಷ್ಟೇ ತಿದ್ದಲು ಲೇಸರ್ ಬಯಸಿದರೆ, ತಕರಾರು ಏಳುವುದು ಅಲ್ಲಿಯೇ.