ಅಜ್ಜಿಯ ಅಡುಗೆ ಪುಸ್ತಕದ ಫೋಟೊ ತೆಗೆಯುವ ಮುನ್ನ

ಪುಟ್ಟಿ,

ಅಜ್ಜಿಯ ಕೈಬರಹವನ್ನು ಕಂಪ್ಯೂಟರ್ ಸರಿಯಾಗಿ ಓದಬೇಕಾದರೆ ಅಕ್ಷರದ ಕೆಳಗಿನ ಒತ್ತುಗಳು ಫೋಟೊದಲ್ಲಿ ಸ್ಪಷ್ಟವಾಗಿ ಮೂಡಬೇಕು. ಒತ್ತು ಮಸುಕಾದರೆ ‘ಅಕ್ಕಿ’ ‘ಅಕಿ’ ಆಗಿಬಿಡುತ್ತದೆ.

ಪುಸ್ತಕವನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಡು. ಫ್ಲ್ಯಾಶ್ ಬೇಡ, ಎಣ್ಣೆ ಕಲೆಯ ಮೇಲೆ ಅದು ಹೊಳೆಯುತ್ತದೆ. ಎಣ್ಣೆ ಹೀರಿದ ಹಾಳೆಯಲ್ಲಿ ಹಿಂಬದಿಯ ಬರಹವೂ ಕಾಣುತ್ತದಲ್ಲ, ಅಂಥ ಹಾಳೆಯ ಅಡಿಗೆ ಕಪ್ಪು ಕಾಗದ ಇಟ್ಟರೆ ಆ ಬರಹ ಮಂಕಾಗುತ್ತದೆ. ಒಂದು ಸಲಕ್ಕೆ ಒಂದೇ ಪುಟ. ಫೋನು ಪುಟಕ್ಕೆ ಸಮಾನಾಂತರವಾಗಿರಲಿ, ನಿನ್ನ ನೆರಳು ಬೀಳದಿರಲಿ. ಹೊಲಿಗೆಯ ಕಡೆ ಸಾಲು ಬಾಗಿದ್ದರೆ ಅಂಚನ್ನು ಮೆಲ್ಲಗೆ ಒತ್ತಿ ಹಿಡಿ. ಬೆನ್ನು ಮುರಿಯುವಷ್ಟು ಅಗಲಿಸಬೇಡ.

ತೆಗೆದ ಕೂಡಲೇ ದೊಡ್ಡದು ಮಾಡಿ ನಾಲ್ಕು ಮೂಲೆಗಳ ಒತ್ತುಗಳನ್ನೂ ನೋಡು. ನಿನಗೇ ಓದಲಾಗದಿದ್ದರೆ ಇನ್ನೊಮ್ಮೆ ತೆಗೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸು. ಇಲ್ಲದಿದ್ದರೆ ಚಿತ್ರ ಕುಗ್ಗಿ ಸಣ್ಣ ಗೆರೆಗಳು ಅಳಿಸುತ್ತವೆ.

ಫೋಟೊ ಎಷ್ಟೇ ಚೆನ್ನಾಗಿದ್ದರೂ ಅಳತೆಗಳನ್ನು ನಂಬಬೇಡ. ಅಜ್ಜಿ ಬರೆದ ‘೧೦’ರ ಸೊನ್ನೆ ಅನುಸ್ವಾರದಂತೆಯೇ ಇರುತ್ತದೆ. ಹತ್ತು ಮೆಣಸಿನಕಾಯಿ ಒಂದಾದರೆ ಸಾರಿನ ಪುಡಿಗೆ ಖಾರವೇ ಇರುವುದಿಲ್ಲ. ಪ್ರತಿ ಅಂಕಿಯನ್ನೂ ಪುಸ್ತಕದ ಜೊತೆ ಹೋಲಿಸಿ, ಅನುಮಾನ ಬಂದದ್ದನ್ನು ಅಜ್ಜಿಯನ್ನೇ ಕೇಳಿ ತಿದ್ದು.

ನಿನ್ನ ತಾತ