ಗುರುತುಚೀಟಿಯೂ ಮತದಾರರ ಪಟ್ಟಿಯೂ: ಒಂದು ಜಾಗೃತಿ ಕಿರುಚಿತ್ರದ ಬರಹ

ಮೊದಲ ಬಾರಿಗೆ ಮತ ಚಲಾಯಿಸುವವರಿಗಾಗಿ ತೊಂಬತ್ತು ಸೆಕೆಂಡುಗಳ ವಿಡಿಯೋ ಬರೆಯುವವನು ಹೇಳಬೇಕಾದುದು ಒಂದೇ ಮಾತು: ಗುರುತುಚೀಟಿ ಇರುವುದು ಬೇರೆ, ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಬೇರೆ. ಮತ ಹಾಕುವ ಹಕ್ಕು ದೊರೆಯುವುದು ಪಟ್ಟಿಯಿಂದ. ಚೀಟಿಯು ವ್ಯಕ್ತಿ ಯಾರೆಂಬುದನ್ನಷ್ಟೇ ತೋರಿಸುತ್ತದೆ.

ಕಾಸರಗೋಡಿನ ಪರಿಸರದಲ್ಲಿ ಈ ಮಾತನ್ನು ಕಥೆಯಾಗಿಸುವುದು ಸುಲಭ. ಮಂಜೇಶ್ವರದ ಮನೆಯೊಂದರ ಜಗಲಿಯಲ್ಲಿ ಚಿತ್ರ ತೆರೆದುಕೊಳ್ಳಲಿ.

ಶ್ರೀಲತಾ: ಕಾರ್ಡು ಉಂಟಲ್ಲ ಅಕ್ಕ, ಇನ್ನೇನು ನೋಡುವುದು?
ಅಕ್ಕ: ಕಾರ್ಡು ಇದ್ದರೆ ಸಾಲದು. ಪಟ್ಟಿಯಲ್ಲಿ ಹೆಸರು ಉಂಟಾ ನೋಡು.

ಶ್ರೀಲತಾ voters.eci.gov.in ತಾಣದಲ್ಲಿ Shrilata ಎಂದು ಹುಡುಕುತ್ತಾಳೆ, ಹೆಸರು ಸಿಗುವುದಿಲ್ಲ. ಇಲ್ಲಿಯೇ ಕಥೆಯ ತಿರುವು. ಕನ್ನಡದ ಹೆಸರು ಮಲಯಾಳದ ಉಚ್ಚಾರಣೆಯನ್ನು ಹಾದು ಇಂಗ್ಲಿಷಿಗೆ ಬಂದಾಗ Sreelatha ಎಂದಾಗಿರಬಹುದು. ಅಕ್ಕ ಚೀಟಿಯ ಮೇಲಿನ ಮೂರು ಅಕ್ಷರ, ಏಳು ಅಂಕಿಗಳ ಸಂಖ್ಯೆಯನ್ನು ಕೊಟ್ಟು ಹುಡುಕಲು ಹೇಳುತ್ತಾಳೆ. ಆ ಸಂಖ್ಯೆಗೆ ಕಾಗುಣಿತದ ತೊಡಕಿಲ್ಲ. ಹೆಸರು ತೆರೆಯ ಮೇಲೆ ಮೂಡುತ್ತದೆ.

ಮುಂದಿನ ದೃಶ್ಯದಲ್ಲಿ ಕ್ಯಾಮೆರಾ ತೆರೆಯ ಮೇಲೆ ನಿಲ್ಲಬೇಕು. ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಎಂಬ ನಾಲ್ಕನ್ನೂ ಆಕೆ ಗಟ್ಟಿಯಾಗಿ ಓದಿ ಬರೆದುಕೊಳ್ಳಲಿ. ಒಂದೇ ಶಾಲೆಯಲ್ಲಿ ಹಲವು ಮತಗಟ್ಟೆಗಳಿರುವುದುಂಟು. ಭಾಗ ಸಂಖ್ಯೆ ತಿಳಿಯದವರು ತಪ್ಪು ಸಾಲಿನಲ್ಲಿ ನಿಂತು ಹೊತ್ತು ಕಳೆಯುತ್ತಾರೆ.

ಹೆಸರಿನ ಅಕ್ಷರ ತಪ್ಪಿದ್ದರೆ ಅಥವಾ ಮನೆ ಬದಲಾಗಿದ್ದರೆ 8ನೇ ನಮೂನೆಯ ಅರ್ಜಿ. ಹೆಸರನ್ನೇ ಇನ್ನೂ ಸೇರಿಸಿಲ್ಲದಿದ್ದರೆ 6ನೇ ನಮೂನೆಯದು. ಹದಿನೆಂಟು ತುಂಬಿರುವುದನ್ನು ಲೆಕ್ಕ ಹಾಕಲು ವರ್ಷದಲ್ಲಿ ನಾಲ್ಕು ದಿನಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ 1ನೇ ತಾರೀಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗಾಗಿ ಪಟ್ಟಿಯನ್ನು ತಿದ್ದುವಂತಿಲ್ಲ. ಅರ್ಜಿಯ ಪರಿಶೀಲನೆಗೂ ದಿನಗಳು ಬೇಕಾಗುವುದರಿಂದ, ವಿಡಿಯೋ ಚುನಾವಣೆ ಘೋಷಣೆಯಾಗುವ ಮೊದಲೇ ವಿದ್ಯಾರ್ಥಿಗಳನ್ನು ತಲುಪಬೇಕು. ಮತದಾನದ ಮುನ್ನಾದಿನ ತೋರಿಸಿದರೆ ಮತಗಟ್ಟೆ ತಿಳಿಯಬಹುದೇ ಹೊರತು, ಬಿಟ್ಟುಹೋದ ಹೆಸರು ಸೇರದು.

ನಿಷ್ಪಕ್ಷಪಾತವು ಮಾತಿನಲ್ಲಷ್ಟೇ ಇದ್ದರೆ ಸಾಲದು, ಚಿತ್ರದಲ್ಲಿಯೂ ಇರಬೇಕು. ಕ್ಯಾಮೆರಾಕ್ಕೆ ಎತ್ತಿ ತೋರಿದ ಅಂಗೈ, ಹಿನ್ನೆಲೆಯ ಕೊಳದ ತಾವರೆ, ಗೋಡೆಗೊರಗಿಸಿದ ಏಣಿ, ಇವೆಲ್ಲ ಈ ನಾಡಿನಲ್ಲಿ ಚುನಾವಣಾ ಚಿಹ್ನೆಗಳು. ಉಡುಪಿನ ಬಣ್ಣಕ್ಕೂ ಅರ್ಥ ಹುಟ್ಟುತ್ತದೆ. ಆದ್ದರಿಂದ ಬರಹಗಾರನು ಸಂಭಾಷಣೆಯ ಪಕ್ಕದಲ್ಲಿ ತೆರೆಯ ಮೇಲೆ ಏನು ಕಾಣಬಾರದೆಂಬುದನ್ನೂ ಬರೆದಿಡುತ್ತಾನೆ. ‘ಬದಲಾವಣೆಗಾಗಿ ಮತ’, ‘ಅಭಿವೃದ್ಧಿಗಾಗಿ ಮತ’ ಎಂಬ ನುಡಿಗಳನ್ನೂ ಕೈಬಿಡುತ್ತಾನೆ; ಮೊದಲನೆಯದು ವಿರೋಧಿಗಳ, ಎರಡನೆಯದು ಆಳುವವರ ಘೋಷಣೆಯಂತೆ ಕೇಳಿಸೀತು.

ಕೊನೆಯ ಚೌಕಟ್ಟಿನಲ್ಲಿ ತಾಣದ ಹೆಸರು, 1950 ಎಂಬ ಸಹಾಯವಾಣಿ ಸಂಖ್ಯೆ ಮತ್ತು ಅಕ್ಕನ ಒಂದು ಮಾತು ಇದ್ದರೆ ಸಾಕು: “ಯಾರಿಗೆ ಹಾಕುವುದು ಅಂತ ನೀನೇ ಯೋಚಿಸು. ಎಲ್ಲಿ ಹಾಕುವುದು ಅಂತ ಇವತ್ತೇ ನೋಡು.”