ಹಳೆಯ ಆಫೀಸ್ ಕಂಪ್ಯೂಟರಿಗೆ ಗೇಮಿಂಗ್ ಕಾರ್ಡ್: ಹಾಕಬಹುದೇ?

ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೊಸದರ ಬೆಲೆಯ ಒಂದು ಪಾಲಿಗೇ ಸಿಗುತ್ತವೆ. ಮಕ್ಕಳ ಓದಿಗೆಂದು ಅಂಥದ್ದೊಂದನ್ನು ಮನೆಗೆ ತಂದರೆ ಸ್ವಲ್ಪ ದಿನಕ್ಕೇ ಬೇಡಿಕೆ ಶುರು: ‘ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಗೇಮ್ ಆಡಬಹುದಲ್ಲ?’ ಹಾಕಬಹುದು. ಆದರೆ ಎಲ್ಲ ಕಾರ್ಡನ್ನೂ ಅಲ್ಲ. ಯಾವುದನ್ನು ಎಂಬುದನ್ನು ತೀರ್ಮಾನಿಸುವುದು ಪೆಟ್ಟಿಗೆಯೊಳಗಿನ ಪವರ್ ಸಪ್ಲೈ. ಅಂಗಡಿಯಲ್ಲಿ ಎಸ್‌ಎಂಪಿಎಸ್ ಎನ್ನುವುದು ಇದನ್ನೇ.

ಒಂದು ಯಂತ್ರವನ್ನೇ ಹಿಡಿದು ನೋಡೋಣ. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ 7040, 2015ರ ಮಾದರಿ. ಒಳಗೆ ಇಂಟೆಲ್ ಐ5-6500 ಪ್ರೊಸೆಸರ್, ನಾಲ್ಕು ಕೋರ್. ಇದು ಎರಡು ಅಳತೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ನಿಂತಿರುವ ಮಿನಿ ಟವರ್‌ನಲ್ಲಿ 240 ವ್ಯಾಟಿನ ಪವರ್ ಸಪ್ಲೈ, ತೆಳ್ಳನೆಯ ಸ್ಮಾಲ್ ಫಾರ್ಮ್ ಫ್ಯಾಕ್ಟರ್‌ನಲ್ಲಿ 180 ವ್ಯಾಟಿನದು. ಹೊಸ ಗೇಮಿಂಗ್ ಕಂಪ್ಯೂಟರಿಗೆ 500, 600 ವ್ಯಾಟ್ ಬೇಕೆಂದು ಕೇಳಿದವರಿಗೆ ಈ ಅಂಕಿಗಳನ್ನು ಕಂಡರೇ ಕೈಬಿಡಬೇಕೆನಿಸುತ್ತದೆ.

ಲೆಕ್ಕ ಹಾಕಿದರೆ ಚಿತ್ರ ಬೇರೆ. ಪ್ರೊಸೆಸರ್ ಪೂರ್ತಿ ದುಡಿದರೂ ಸುಮಾರು 65 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಫ್ಯಾನ್ ಎಲ್ಲ ಸೇರಿ 40 ವ್ಯಾಟ್ ಎಂದಿಟ್ಟುಕೊಳ್ಳಿ. ಅದರ ಮೇಲೆ 75 ವ್ಯಾಟಿನ ಕಾರ್ಡ್ ಹಾಕಿದರೆ ಒಟ್ಟು 180. ಮಿನಿ ಟವರ್‌ನಲ್ಲಿ ಇನ್ನೂ 60 ವ್ಯಾಟ್ ಉಳಿಯುತ್ತದೆ. ತೆಳ್ಳನೆಯ ಪೆಟ್ಟಿಗೆಯಲ್ಲಿ ಏನೂ ಉಳಿಯುವುದಿಲ್ಲ, ಅದೂ ಹತ್ತು ವರ್ಷ ಧೂಳು ತಿಂದು ಕೆಪಾಸಿಟರ್ ಸೊರಗಿದ ಸಪ್ಲೈಯಲ್ಲಿ. ಅಲ್ಲಿಗೆ 30ರಿಂದ 55 ವ್ಯಾಟಿನೊಳಗಿನ ಕಾರ್ಡ್ ಸಾಕು.

ನಿಜವಾದ ತೊಡಕು ವ್ಯಾಟಿನದಲ್ಲ, ತಂತಿಯದು. ಬಿಡಿಯಾಗಿ ಸಿಗುವ ಎಸ್‌ಎಂಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದೇ 6 ಅಥವಾ 8 ಪಿನ್ನಿನ ತಂತಿ ಇರುತ್ತದೆ. ಈ ಡೆಲ್ ಸಪ್ಲೈಯಲ್ಲಿ ಅದಿಲ್ಲ. ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಕೂಡ ಎಲ್ಲ ಕಡೆ ಇರುವ 24 ಪಿನ್ನಿನದಲ್ಲ, ಕಂಪನಿಯ ಸ್ವಂತ ವಿನ್ಯಾಸದ್ದು. ಹಾರ್ಡ್ ಡಿಸ್ಕಿಗೆ ವಿದ್ಯುತ್ ಹೋಗುವುದೂ ಮದರ್‌ಬೋರ್ಡಿನ ಮೂಲಕವೇ. ತೊಟ್ಟಿಯಲ್ಲಿ ನೀರಿದೆ, ನಲ್ಲಿಯೇ ಇಲ್ಲ ಎಂಬಂಥ ಸ್ಥಿತಿ. ಆದ್ದರಿಂದ ಕಾರ್ಡ್ ತನಗೆ ಬೇಕಾದ ವಿದ್ಯುತ್ತನ್ನೆಲ್ಲ ತಾನು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದಲೇ ಪಡೆಯಬೇಕು. ಆ ಸ್ಲಾಟಿನ ಗರಿಷ್ಠ ಮಿತಿ 75 ವ್ಯಾಟ್.

ಇಲ್ಲಿ ಅಂಗಡಿಯವರು ಒಂದು ಉಪಾಯ ಹೇಳುವುದುಂಟು: ‘ಸಾಟಾ ತಂತಿಯಿಂದ 6 ಪಿನ್ ಮಾಡುವ ಅಡಾಪ್ಟರ್ ಇದೆ, ದೊಡ್ಡ ಕಾರ್ಡೇ ಹಾಕಿ.’ ಒಪ್ಪಬೇಡಿ. ಸಾಟಾ ಕನೆಕ್ಟರ್ ತಡೆದುಕೊಳ್ಳುವುದು ಹೆಚ್ಚೆಂದರೆ 54 ವ್ಯಾಟ್, 6 ಪಿನ್ನಿನ ಕಾರ್ಡ್ ಅಲ್ಲಿಂದ 75ರವರೆಗೆ ಎಳೆಯಬಹುದು. ಆ ಹೊರೆಯೂ ಮದರ್‌ಬೋರ್ಡಿನ ತೆಳು ತಾಮ್ರದ ಗೆರೆಗಳ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಕರಗಿ ಬೋರ್ಡೇ ಸುಡಬಹುದು. ಸಪ್ಲೈಯನ್ನೇ ಬದಲಿಸಲು 24 ಪಿನ್ನಿನಿಂದ ಡೆಲ್ ಕನೆಕ್ಟರಿಗೆ ಹೊಂದಿಸುವ ತಂತಿಗಳೂ ಸಿಗುತ್ತವೆ. ಆದರೆ ಮಾದರಿಯಿಂದ ಮಾದರಿಗೆ ಪಿನ್ ಜೋಡಣೆ ಬೇರೆ. ತೆಳ್ಳನೆಯ ಪೆಟ್ಟಿಗೆಯಲ್ಲಂತೂ ಮಾಮೂಲಿ ಎಸ್‌ಎಂಪಿಎಸ್ ಕೂರುವುದೇ ಇಲ್ಲ.

ಹಾಗಾದರೆ ಯಾವ ಕಾರ್ಡ್? ಮಿನಿ ಟವರ್‌ಗೆ ಒಪ್ಪುವುದು 2019ರಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 1650. ಅದಕ್ಕೆ ಬೇಕಾದದ್ದು ಸರಿಯಾಗಿ 75 ವ್ಯಾಟ್. ಹೊಸದೇ ಬೇಕೆಂದರೆ 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ, 70 ವ್ಯಾಟ್. ತೆಳ್ಳನೆಯ ಪೆಟ್ಟಿಗೆಗೆ ಎಎಂಡಿಯ 53 ವ್ಯಾಟಿನ ಆರ್‌ಎಕ್ಸ್ 6400 ಹೊಂದುತ್ತದೆ. ಈ ಹಳೆಯ ಬೋರ್ಡಿನಲ್ಲಿ ಅದಕ್ಕೆ ಸಿಗುವ ದಾರಿ ಕಿರಿದು, ಹಾಗಾಗಿ ಕೆಲವು ಗೇಮ್‌ಗಳಲ್ಲಿ ವೇಗ ತುಸು ತಗ್ಗುತ್ತದೆ. ಬಜೆಟ್ ಕಡಿಮೆಯಿದ್ದರೆ 30 ವ್ಯಾಟಿನ ಜಿಟಿ 1030 ಇದೆ, ಹಗುರ ಗೇಮ್‌ಗಳಿಗೆ ಮಾತ್ರ.

ಹೆಸರಿಗೆ ಮೋಸ ಹೋಗಬೇಡಿ. ಆರ್‌ಟಿಎಕ್ಸ್ 3050ರದೇ 8 ಜಿಬಿ ಮಾದರಿ 130 ವ್ಯಾಟಿನದು, ಅದಕ್ಕೆ ಪ್ರತ್ಯೇಕ ತಂತಿ ಬೇಕೇ ಬೇಕು. ಜಿಟಿಎಕ್ಸ್ 1650 ಎಂದು ಬರೆದ ಕೆಲವು ಕಾರ್ಡ್‌ಗಳಲ್ಲೂ ವೇಗ ಹೆಚ್ಚಿಸಲು 6 ಪಿನ್ನಿನ ಸಾಕೆಟ್ ಇಟ್ಟಿರುತ್ತಾರೆ. ಜಿಟಿ 1030ರಲ್ಲಿ ಡಿಡಿಆರ್4 ಮೆಮೊರಿಯದು ಬೇಡ, ಅದು ಜಿಡಿಡಿಆರ್5 ಮಾದರಿಗಿಂತ ಬಹಳ ನಿಧಾನ. ಹಣ ಕೊಡುವ ಮುನ್ನ ಕಾರ್ಡಿನ ಅಂಚನ್ನು ಕಣ್ಣಾರೆ ನೋಡಿ. ಅಲ್ಲಿ ಪವರ್ ಸಾಕೆಟ್ ಇದ್ದರೆ ವಾಪಸ್ ಇಡಿ.

ಅಳತೆಯನ್ನೂ ತೆಗೆದುಕೊಳ್ಳಬೇಕು. ತೆಳ್ಳನೆಯ ಪೆಟ್ಟಿಗೆಗೆ ಗಿಡ್ಡ, ಅಂದರೆ ಲೋ ಪ್ರೊಫೈಲ್ ಕಾರ್ಡೇ ಆಗಬೇಕು, ಜೊತೆಗೆ ಗಿಡ್ಡ ಬ್ರ್ಯಾಕೆಟ್ ಇರಬೇಕು. ಉದ್ದನೆಯ ಸ್ಲಾಟಿನ ಪಕ್ಕದಲ್ಲೇ ಪೆಟ್ಟಿಗೆಯ ಗೋಡೆಯೋ ಸಪ್ಲೈಯೋ ಇದ್ದರೆ ಎರಡು ಸ್ಲಾಟಿನ ದಪ್ಪದ ಕಾರ್ಡ್ ಕೂರುವುದಿಲ್ಲ. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ತಂತಿಯನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೇ ಚುಚ್ಚಬೇಕು. ಹಳೆಯ ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಪರಿವರ್ತಕವೊಂದು ಬೇಕು, ಏಕೆಂದರೆ ಈ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ.

ಸಪ್ಲೈ ತಡೆದುಕೊಳ್ಳುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಭಾರಿ ಗೇಮೊಂದನ್ನು ಅರ್ಧ ಗಂಟೆ ಎಡೆಬಿಡದೆ ಓಡಿಸಿದಾಗ. ಪರದೆ ಒಂದು ಕ್ಷಣ ಕಪ್ಪಾಗಿ ಮರಳಿದರೆ ಮೊದಲು ಡ್ರೈವರ್ ಸರಿಪಡಿಸಿ. ಸ್ವಿಚ್ ಆರಿಸಿದಂತೆ ಇಡೀ ಯಂತ್ರವೇ ಪಟ್ಟನೆ ನಿಂತರೆ, ಅದೂ ಪ್ರತಿ ಸಲ ಗೇಮಿನ ಭಾರಿ ದೃಶ್ಯದಲ್ಲೇ ನಿಂತರೆ, ಅನುಮಾನ ಸಪ್ಲೈ ಮೇಲೆ. ವಿಂಡೋಸಿನ Event Viewer ತೆರೆದರೆ Kernel-Power 41 ಎಂಬ ದಾಖಲೆ ಕಾಣುತ್ತದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತೆಂದಷ್ಟೇ ಅದರರ್ಥ, ಕಾರಣವನ್ನು ಅದು ಹೇಳುವುದಿಲ್ಲ. ಧೂಳು ತೆಗೆದ ಮೇಲೂ, ತಾಪ ಹತೋಟಿಯಲ್ಲಿದ್ದರೂ ಇದೇ ಮುಂದುವರಿದರೆ ಇನ್ನೂ ಕಡಿಮೆ ವ್ಯಾಟಿನ ಕಾರ್ಡಿಗೆ ಇಳಿಯಿರಿ.

ಕಾರ್ಡಿನ ಹಿಂದೆ ಇನ್ನೂ ಎರಡು ಮಿತಿಗಳಿವೆ. ಆಫೀಸಿನಿಂದ ಬಂದ ಯಂತ್ರಗಳಲ್ಲಿ 8 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿರುವುದು ಸಾಮಾನ್ಯ. ಅದರ ಜೋಡಿ ಇನ್ನೊಂದು ಕಡ್ಡಿ ಹಾಕಿ 16 ಮಾಡದಿದ್ದರೆ ಗೇಮ್ ತೊದಲುತ್ತದೆ. ಎರಡನೆಯದು, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜಿಟಿಎ 5ರಂಥ ಹಳೆಯ ಗೇಮ್‌ಗಳು ಸಲೀಸಾಗಿ ಓಡುತ್ತವೆ. ಈಚಿನ ದೊಡ್ಡ ಗೇಮ್‌ಗಳಿಗೆ ನಾಲ್ಕು ಕೋರ್ ಸಾಲದು.

ಆದ್ದರಿಂದ ಯಂತ್ರ ಈಗಾಗಲೇ ಮನೆಯಲ್ಲಿದ್ದು, ಅದು ಮಿನಿ ಟವರ್ ಆಗಿದ್ದರೆ, ಸಾಕೆಟ್ ಇಲ್ಲದ 75 ವ್ಯಾಟಿನೊಳಗಿನ ಕಾರ್ಡ್ ಧೈರ್ಯವಾಗಿ ಹಾಕಿಸಿ. ತೆಳ್ಳನೆಯದಾದರೆ 55ರೊಳಗೆ ನಿಲ್ಲಿಸಿ. ಗೇಮಿಂಗ್‌ಗೆಂದೇ ಇಂಥ ಯಂತ್ರ ಕೊಳ್ಳುವುದಿದ್ದರೆ, ಅಥವಾ ಕಾರ್ಡಿನ ಬೆಲೆ ಇಡೀ ಯಂತ್ರದ ಬೆಲೆಯನ್ನು ಮೀರುತ್ತಿದ್ದರೆ, ಆ ಹಣವನ್ನು ಮಾಮೂಲಿ ಎಸ್‌ಎಂಪಿಎಸ್ ಕೂರುವ ಬೇರೆ ಪೆಟ್ಟಿಗೆಗೆ ಕೂಡಿಡುವುದೇ ಲೇಸು.